ಸ್ಲೈಡ್‌ನಲ್ಲಿದ್ದ ಆ 20 ಮಾರ್ಕ್ಸ್: ಹತ್ತನೇ ಕ್ಲಾಸ್ ಇಂಟರ್ನಲ್ ಲೆಕ್ಕ ಹೇಗೆ ಆಗುತ್ತೆ

ಹತ್ತನೇ ಕ್ಲಾಸ್ ಪೇರೆಂಟ್ಸ್ ಎಲ್ರಿಗೂ ನಮಸ್ಕಾರ. ಶನಿವಾರದ ಮೀಟಿಂಗ್‌ನಲ್ಲಿ ಮುಂದಿನ ಟರ್ಮ್ ಬಗ್ಗೆ ತೋರಿಸಿದ ಪಿಪಿಟಿಯಲ್ಲಿ ಬಸ್ ಟೈಮಿಂಗ್, ಫೀಸ್ ಕಂತು, ಯೂನಿಫಾರ್ಮ್ ಎಲ್ಲಾದಕ್ಕೂ ತುಂಬಾ ಪ್ರಶ್ನೆ ಬಂತು, ಆದ್ರೆ ಒಂದು ಸ್ಲೈಡ್ ಮಾತ್ರ ಅರ್ಧ ನಿಮಿಷದಲ್ಲಿ ದಾಟಿ ಹೋಯ್ತು. ಅದ್ರಲ್ಲಿ ಇದ್ದಿದ್ದು ಒಂದೇ ಸಾಲು: "ಥಿಯರಿ 80, ಇಂಟರ್ನಲ್ 20 (5+5+5+5)". ಮೀಟಿಂಗ್ ಮುಗಿದ ಮೇಲೆ ಪಾರ್ಕಿಂಗ್ ಹತ್ರ ಒಬ್ರು ತಾಯಿ ನನ್ನ ನಿಲ್ಲಿಸಿ ಕೇಳಿದ್ರು, "ಮಿಸ್, ಇಂಟರ್ನಲ್ ಅಂದ್ರೆ ಸ್ಕೂಲ್‌ನವ್ರೇ ಹಾಕ್ಕೊಡೋ ಮಾರ್ಕ್ಸ್ ತಾನೇ, ಅದ್ರ ಬಗ್ಗೆ ನಾವೇನು ತಲೆ ಕೆಡಿಸ್ಕೋಬೇಕಾಗಿಲ್ಲ ಅಲ್ವಾ?" ಪಕ್ಕದಲ್ಲಿದ್ದ ಇನ್ನೂ ಮೂರ್ನಾಲ್ಕು ಜನ ತಲೆ ಆಡಿಸಿದ್ರು.

ನಾನು ನಿಮ್ಮ ಮಕ್ಕಳಿಗೆ ಮ್ಯಾಥ್ಸ್ ತಗೊಳ್ಳೋಳು, ಪ್ರತಿ ವರ್ಷ ಈ 20ರ ಲೆಕ್ಕ ಕೂತು ಹಾಕೋಳು. ಹಾಗಾಗಿ ಈ ಸಲದ ನ್ಯೂಸ್‌ಲೆಟರ್‌ನಲ್ಲಿ ಬೇರೆ ಸ್ಲೈಡ್‌ಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ಬಿಡಿಸಿ ಹೇಳ್ತೀನಿ.

ಮೊದ್ಲು, ಈ 20 ಯಾವ ಪರೀಕ್ಷೆದು?

ನಮ್ದು ಸಿಬಿಎಸ್ಇ ಸ್ಕೂಲ್. ಹತ್ತನೇ ಕ್ಲಾಸ್‌ನಲ್ಲಿ ಮ್ಯಾಥ್ಸ್, ಸೈನ್ಸ್, ಸೋಶಿಯಲ್, ಭಾಷೆಗಳು, ಈ ಒಂದೊಂದು ಸಬ್ಜೆಕ್ಟ್‌ಗೂ ನೂರು ಮಾರ್ಕ್ಸ್. ಅದ್ರಲ್ಲಿ 80 ಮಾರ್ಕ್ಸ್‌ಗೆ ಬೋರ್ಡ್ ಪೇಪರ್ ಕಳಿಸುತ್ತೆ, ಬೇರೆ ಸ್ಕೂಲ್‌ನ ಸೆಂಟರ್‌ನಲ್ಲಿ ಕೂತು ಬರೀಬೇಕು, ಪೇಪರ್ ತಿದ್ದೋದು ಯಾರು ಅಂತ ನಮಗೂ ಗೊತ್ತಾಗಲ್ಲ. ಉಳಿದ 20 ಮಾತ್ರ ಸ್ಕೂಲ್ ಒಳಗೇ, ವರ್ಷ ಪೂರ್ತಿ ಮಗು ಏನು ಮಾಡ್ತು ಅನ್ನೋದರ ಮೇಲೆ ಬರುತ್ತೆ, ಅದನ್ನೇ ಇಂಟರ್ನಲ್ ಅನ್ನೋದು. ಎರಡೂ ಸೇರಿಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ನೂರಕ್ಕೆ ಬರುತ್ತೆ.

ಪಕ್ಕದ ಮನೆ ಮಗು ಸ್ಟೇಟ್ ಬೋರ್ಡ್‌ನಲ್ಲಿ ಎಸ್ಎಸ್ಎಲ್‌ಸಿ ಓದ್ತಾ ಇದ್ರೆ ಆ ಲೆಕ್ಕ ಬೇರೆ. ಅಲ್ಲಿ ಎಫ್ಎ, ಎಸ್ಎ ಅಂತ ಬರುತ್ತೆ, ಫಸ್ಟ್ ಲ್ಯಾಂಗ್ವೇಜ್‌ಗೆ 125 ಇರೋದ್ರಿಂದ ಒಟ್ಟು 625 ಆಗುತ್ತೆ. ವಾಟ್ಸಾಪ್ ಗ್ರೂಪ್‌ನಲ್ಲಿ ಎರಡೂ ಬೋರ್ಡ್‌ನ ಮೆಸೇಜ್ ಕಲಸಿಕೊಂಡು ಓಡಾಡ್ತಾ ಇರುತ್ತೆ, ಯಾವ ಬೋರ್ಡ್‌ದು ಅಂತ ನೋಡಿ ಆಮೇಲೆ ಗಾಬರಿ ಆಗಿ.

ನಾಲ್ಕು ಐದುಗಳು ಅಂದ್ರೆ ಏನು

20ನ್ನ ನಾಲ್ಕು ಭಾಗ ಮಾಡಿದ್ದಾರೆ, ಒಂದೊಂದಕ್ಕೂ 5.

ಮೊದಲನೇದು ಪೀರಿಯಾಡಿಕ್ ಟೆಸ್ಟ್, ಮಕ್ಕಳು ಪಿಟಿ ಅಂತಾರೆ, ಆಟದ ಪಿಟಿ ಅಲ್ಲ. ಪೆನ್ನು ಪೇಪರ್ ಇಟ್ಕೊಂಡು ಬರೆಯೋ ಮಾಮೂಲಿ ಟೆಸ್ಟ್. ವರ್ಷಕ್ಕೆ ಮೂರು ಇರುತ್ತೆ, ಮೂರರಲ್ಲಿ ಚೆನ್ನಾಗಿ ಬಂದಿರೋ ಎರಡನ್ನ ತಗೊಂಡು, ಅದರ ಸರಾಸರಿನ 5ಕ್ಕೆ ಇಳಿಸ್ತೀವಿ.

ಎರಡನೇದು ಮಲ್ಟಿಪಲ್ ಅಸೆಸ್‌ಮೆಂಟ್. ಹೆಸರು ದೊಡ್ಡದು, ವಿಷಯ ಸಣ್ಣದು. ಬರೆಯೋ ಟೆಸ್ಟ್‌ನಲ್ಲಿ ಗೊತ್ತಾಗದೇ ಇರೋದನ್ನ ಬೇರೆ ದಾರಿಯಲ್ಲಿ ನೋಡೋದು: ಕ್ಲಾಸ್‌ನಲ್ಲಿ ಬಾಯಲ್ಲಿ ಪ್ರಶ್ನೆ ಕೇಳೋದು, ಕ್ವಿಜ್, ಪಾಠ ಮುಗಿದಾಗ ಒಂದು ಚೀಟಿಯಲ್ಲಿ ಇವತ್ತು ಕಲಿತಿದ್ದನ್ನ ಎರಡು ಸಾಲು ಬರೆಸೋದು, ಇಂಥದ್ದು. ಕೆಲವು ಮಕ್ಕಳು ಬರೆಯೋವಾಗ ತಡವರಿಸ್ತಾರೆ, ಬಾಯಲ್ಲಿ ಕೇಳಿದ್ರೆ ಪಟಪಟ ಹೇಳ್ತಾರೆ, ಅವ್ರಿಗೆ ಇದು ದೊಡ್ಡ ಸಹಾಯ.

ಮೂರನೇದು ಪೋರ್ಟ್‌ಫೋಲಿಯೋ. ಇದಕ್ಕೆ ಆಮೇಲೆ ಬರ್ತೀನಿ, ಯಾಕಂದ್ರೆ ಮಾರ್ಕ್ಸ್ ಜಾಸ್ತಿ ಸೋರಿ ಹೋಗೋದು ಇಲ್ಲೇ.

ನಾಲ್ಕನೇದು ಸಬ್ಜೆಕ್ಟ್ ಎನ್‌ರಿಚ್‌ಮೆಂಟ್, ಅಂದ್ರೆ ಆ ಸಬ್ಜೆಕ್ಟ್‌ನ ಕೈಯಾರೆ ಮಾಡಿ ನೋಡೋ ಕೆಲಸ. ಸೈನ್ಸ್‌ಗೆ ಲ್ಯಾಬ್ ಪ್ರಾಕ್ಟಿಕಲ್, ಸೋಶಿಯಲ್‌ಗೆ ಪ್ರಾಜೆಕ್ಟ್, ಭಾಷೆಗೆ ಕೇಳೋದು ಮತ್ತೆ ಮಾತಾಡೋದು, ಮ್ಯಾಥ್ಸ್‌ಗೆ ಮ್ಯಾಥ್ಸ್ ಲ್ಯಾಬ್ ಆಕ್ಟಿವಿಟಿ. ಮ್ಯಾಥ್ಸ್‌ನಲ್ಲಿ ಎಂಥ ಲ್ಯಾಬ್ ಅಂತ ಪ್ರತಿ ವರ್ಷ ಯಾರಾದ್ರೂ ಕೇಳ್ತಾರೆ. ಒಂದು ಉದಾಹರಣೆ ಹೇಳ್ತೀನಿ. ಟ್ರೇಸಿಂಗ್ ಪೇಪರ್ ಮೇಲೆ ಒಂದು ವೃತ್ತ ಬರೆದು, ಹೊರಗಡೆ ಒಂದು ಚುಕ್ಕಿ ಇಟ್ಟು, ಆ ಚುಕ್ಕಿಯಿಂದ ವೃತ್ತನ ಮುಟ್ಟೋ ಎರಡು ಸ್ಪರ್ಶಕ ಎಳೀತಾರೆ. ಆಮೇಲೆ ಚುಕ್ಕಿ ಮತ್ತೆ ವೃತ್ತದ ಮಧ್ಯಬಿಂದು ಸೇರೋ ಗೆರೆ ಮೇಲೆ ಪೇಪರ್ ಮಡಚಿದ್ರೆ ಎರಡು ಸ್ಪರ್ಶಕಗಳೂ ಒಂದರ ಮೇಲೊಂದು ಸರಿಯಾಗಿ ಕೂರುತ್ತೆ, ಉದ್ದ ಒಂದೇ ಅಂತ ಕಣ್ಣಿಗೆ ಕಾಣುತ್ತೆ. ಅದೇ ಪ್ರಮೇಯ ಬೋರ್ಡ್ ಪೇಪರ್‌ನಲ್ಲಿ ಸಾಧಿಸಿ ಅಂತ ಬರಬಹುದು, ಕೈಯಲ್ಲಿ ಮಡಚಿ ನೋಡಿದ ಮಗುಗೆ ಅದು ಮರೆಯಲ್ಲ.

ಒಬ್ಳು ಹುಡುಗಿಯ ಲೆಕ್ಕ ಹಾಕಿ ನೋಡೋಣ

ಇದು ನಿಜವಾದ ಮಗುವಿನ ಮಾರ್ಕ್ಸ್ ಅಲ್ಲ, ನಾನೇ ಮಾಡ್ಕೊಂಡ ಉದಾಹರಣೆ, ಆದ್ರೆ ಇಂಥ ಲೆಕ್ಕ ಪ್ರತಿ ವರ್ಷ ನೋಡ್ತೀನಿ. ಮ್ಯಾಥ್ಸ್ ಪಿಟಿ ನಮ್ಮಲ್ಲಿ 40 ಮಾರ್ಕ್ಸ್‌ಗೆ ಇರುತ್ತೆ. ಈ ಹುಡುಗಿಗೆ ಮೊದಲನೇ ಪಿಟಿಯಲ್ಲಿ 14, ಎರಡನೇದರಲ್ಲಿ 33, ಮೂರನೇದರಲ್ಲಿ 31 ಬಂತು ಅಂತ ಇಟ್ಕೊಳ್ಳಿ.

14 ಬಂದ ದಿನ ಮನೇಲಿ ರಾಮಾಯಣ ಆಗಿರುತ್ತೆ. ಆದ್ರೆ ಆ 14 ಲೆಕ್ಕಕ್ಕೇ ಬರಲ್ಲ, ಚೆನ್ನಾಗಿರೋ ಎರಡು ಅಂದ್ರೆ 33 ಮತ್ತೆ 31, ಸರಾಸರಿ 32. 40ಕ್ಕೆ 32 ಅಂದ್ರೆ 5ಕ್ಕೆ 4.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. 40ನ್ನ 5ಕ್ಕೆ ಇಳಿಸೋದು ಅಂದ್ರೆ ಎಂಟು ಲೋಟ ಹಾಲನ್ನ ಕಾಯಿಸಿ ಕಾಯಿಸಿ ಒಂದು ಲೋಟಕ್ಕೆ ಇಳಿಸಿದ ಹಾಗೆ. ಈ ಹುಡುಗಿ 4ರಿಂದ 5ಕ್ಕೆ ಹೋಗಬೇಕು ಅಂದ್ರೆ ಸರಾಸರಿ 32ರಿಂದ 40ಕ್ಕೆ ಏರಬೇಕು, ಅಂದ್ರೆ ಎರಡು ಟೆಸ್ಟೂ ಸೇರಿ ಇನ್ನೂ 16 ಮಾರ್ಕ್ಸ್ ತೆಗೀಬೇಕು, ಸಿಗೋದು ಒಂದೇ ಒಂದು ಇಂಟರ್ನಲ್ ಮಾರ್ಕ್. ಅದಕ್ಕೆ ಪಿಟಿಗೆ ಓದೋದು ಬೇಡ ಅಂತ ಖಂಡಿತ ಹೇಳ್ತಾ ಇಲ್ಲ, ಅದೇ ಪಾಠ ಬೋರ್ಡ್‌ನ 80ರಲ್ಲಿ ಬರುತ್ತೆ, ಅಲ್ಲಿ ಆ ಓದು ಕೈ ಹಿಡಿಯುತ್ತೆ. ಆದ್ರೆ ಇಂಟರ್ನಲ್ ಮಾರ್ಕ್ಸ್ ಹೆಚ್ಚಿಸೋಕೆ ಅಂತಾನೇ ಪಿಟಿಗೆ ಮುಂಚೆ ಎಕ್ಸ್‌ಟ್ರಾ ಟ್ಯೂಷನ್ ಹಾಕಿಸ್ತಾ ಇದ್ರೆ ಲೆಕ್ಕ ಹೀಗಿದೆ ಅಂತ ತಿಳ್ಕೊಳ್ಳಿ.

ಈಗ ಇದೇ ಹುಡುಗಿಯ ಉಳಿದ ಮೂರು ಭಾಗ. ಕ್ಲಾಸ್‌ನಲ್ಲಿ ಬಾಯಿ ಬಿಡಲ್ಲ, ಎರಡು ಸಲ ಕ್ವಿಜ್ ದಿನ ರಜ ಹಾಕಿದ್ಲು, ಮಲ್ಟಿಪಲ್ ಅಸೆಸ್‌ಮೆಂಟ್‌ನಲ್ಲಿ 3. ಲ್ಯಾಬ್ ಆಕ್ಟಿವಿಟಿ ಚೆನ್ನಾಗಿ ಮಾಡಿದ್ಲು, 4. ಪೋರ್ಟ್‌ಫೋಲಿಯೋ ಫೈಲ್‌ನಲ್ಲಿ ಅರ್ಧ ಅಸೈನ್‌ಮೆಂಟ್ ಇಲ್ಲ, 2. ಕೂಡಿದ್ರೆ 4+3+2+4, ಅಂದ್ರೆ 13. ಪಿಟಿಯಲ್ಲಿ ಒಂದು ಮಾರ್ಕ್ ಹೋಗಿದೆ, ಫೈಲ್‌ನಲ್ಲಿ ಮೂರು ಹೋಗಿದೆ. ಮನೇಲಿ ಬೈಸ್ಕೊಂಡಿದ್ದು ಮಾತ್ರ ಲೆಕ್ಕಕ್ಕೇ ಬರದ ಆ 14ಕ್ಕೆ.

ಪೋರ್ಟ್‌ಫೋಲಿಯೋ ಯಾಕೆ ಖಾಲಿ ಇರುತ್ತೆ

ಪೋರ್ಟ್‌ಫೋಲಿಯೋ ಅಂದ್ರೆ ಚೆಂದದ ಡೆಕೋರೇಷನ್ ಮಾಡಿದ ಫೈಲ್ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಡಿಸೆಂಬರ್‌ನಲ್ಲಿ ಗ್ಲಿಟರ್ ಪೆನ್, ಲೇಸ್, ಪ್ರಿಂಟ್‌ಔಟ್ ಎಲ್ಲ ಹಾಕಿ ತರ್ತಾರೆ. ನಾವು ನೋಡೋದು ಅದನ್ನಲ್ಲ. ಕ್ಲಾಸ್‌ವರ್ಕ್ ಪೂರ್ತಿ ಇದ್ಯಾ, ಅಸೈನ್‌ಮೆಂಟ್ ಹೇಳಿದ ದಿನ ಕೊಟ್ಟಿದ್ದಾರಾ, ತಪ್ಪಾಗಿದ್ದನ್ನ ತಿದ್ದಿ ಮತ್ತೆ ಮಾಡಿದ್ದಾರಾ, ತನ್ನ ಕೆಲಸದಲ್ಲಿ ಚೆನ್ನಾಗಿ ಬಂದಿದ್ದು ಯಾವ್ದು, ಕಷ್ಟ ಆಗಿದ್ದು ಎಲ್ಲಿ ಅಂತ ತಾನೇ ಯೋಚಿಸಿ ನಾಲ್ಕು ಸಾಲು ಬರ್ದಿದ್ದಾರಾ, ಇಷ್ಟು. ಅಂದ್ರೆ ಜೂನ್‌ನಿಂದ ಮಗು ನಡೆದು ಬಂದ ದಾರಿ ಕಾಣಬೇಕು.

ಬ್ಯಾಂಕ್‌ನಲ್ಲಿ ಆರ್‌ಡಿ ಕಟ್ತೀವಲ್ಲ, ಅದೇ ಥರ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕಟ್ಟಿದ್ರೆ ಭಾರ ಗೊತ್ತಾಗಲ್ಲ, ಎಲ್ಲ ಕಂತೂ ಬಿಟ್ಟು ಕೊನೆ ತಿಂಗಳು ಒಟ್ಟಿಗೆ ಕಟ್ತೀನಿ ಅಂದ್ರೆ ಕಷ್ಟ. ಡಿಸೆಂಬರ್‌ನಲ್ಲಿ ಒಂದೇ ರಾತ್ರಿ ಕೂತು ಆರು ತಿಂಗಳ ನೋಟ್ಸ್ ಕಾಪಿ ಮಾಡಿದ ಪುಸ್ತಕ ನಮಗೆ ತಕ್ಷಣ ಗೊತ್ತಾಗುತ್ತೆ. ಒಂದೇ ಪೆನ್ನು, ಒಂದೇ ಅವಸರದ ಕೈಬರಹ, ಎಲ್ಲೂ ಟೀಚರ್ ಸೈನ್ ಇಲ್ಲ, ಒಂದು ತಪ್ಪೂ ತಿದ್ದಿರಲ್ಲ. ಅಂಥದ್ದಕ್ಕೆ ಪೂರ್ತಿ 5 ಕೊಡೋಕೆ ನನ್ನ ಮನಸ್ಸು ಒಪ್ಪಲ್ಲ, ದಿನಾ ಮಾಡಿದ ಮಗುಗೆ ಅದು ಅನ್ಯಾಯ ಆಗುತ್ತೆ.

ಪ್ರಾಜೆಕ್ಟ್ ವಿಷ್ಯದಲ್ಲೂ ಒಂದು ಮಾತು. ಸ್ಟೇಷನರಿ ಅಂಗಡಿಗಳಲ್ಲಿ ಪ್ರಾಜೆಕ್ಟ್ ಮಾಡ್ಕೊಡ್ತಾರೆ, ಮಾಡೆಲ್ ರೆಡಿಮೇಡ್ ಸಿಗುತ್ತೆ, ಅದು ನಮಗೂ ಗೊತ್ತು. ತಂದ ಮೇಲೆ ಟೀಚರ್ ಎರಡು ಪ್ರಶ್ನೆ ಕೇಳ್ತಾರೆ: ಈ ಅಂಕಿ ಎಲ್ಲಿಂದ ತಗೊಂಡೆ, ಇದನ್ನ ಯಾಕೆ ಹೀಗೆ ಜೋಡಿಸಿದೆ. ಅಲ್ಲಿ ಮಗು ನಿಮ್ಮ ಮುಖ ನೆನಪಿಸ್ಕೊಂಡು ಸುಮ್ನೆ ನಿಂತ್ಕೊಳ್ಳುತ್ತೆ. ರಟ್ಟು ಗೋಂದು ಹಾಕಿ ಮಗುನೇ ಸೊಟ್ಟಗೆ ಮಾಡಿದ್ದು ಇದ್ರೂ ಪರವಾಗಿಲ್ಲ, ಬಾಯಿ ಬಿಟ್ಟು ವಿವರಿಸಿದ್ರೆ ಮಾರ್ಕ್ಸ್ ಬರುತ್ತೆ.

ಎರಡನೇ ಸಲ ಬೋರ್ಡ್ ಬರೆದ್ರೆ ಈ 20 ಸರಿಹೋಗುತ್ತಾ?

ಈ ವರ್ಷ ಇಂಟರ್ನಲ್ ಬಗ್ಗೆ ಇಷ್ಟು ಉದ್ದ ಬರೀತಾ ಇರೋದಕ್ಕೆ ಮುಖ್ಯ ಕಾರಣ ಇದೇ. 2026ರಿಂದ ಸಿಬಿಎಸ್ಇ ಹತ್ತನೇ ಕ್ಲಾಸ್‌ಗೆ ವರ್ಷಕ್ಕೆ ಎರಡು ಬೋರ್ಡ್ ಪರೀಕ್ಷೆ ಮಾಡ್ತಾ ಇದೆ. ಮೊದಲನೇದು ಫೆಬ್ರವರಿಯಲ್ಲಿ ಶುರು, ಅದನ್ನ ಎಲ್ರೂ ಬರೀಲೇಬೇಕು. ಎರಡನೇದು ಮೇ ತಿಂಗಳಲ್ಲಿ, ಬೇಕಿದ್ರೆ ಬರೀಬಹುದು, ಸೈನ್ಸ್, ಮ್ಯಾಥ್ಸ್, ಸೋಶಿಯಲ್, ಭಾಷೆಗಳು ಇವುಗಳಲ್ಲಿ ಮೂರು ಸಬ್ಜೆಕ್ಟ್ ತನಕ. ಎರಡರಲ್ಲಿ ಯಾವುದು ಜಾಸ್ತಿ ಬಂದಿದ್ಯೋ ಅದು ಉಳಿಯುತ್ತೆ. ಮೊದಲನೇದನ್ನ ಬಿಟ್ಟು ನೇರ ಮೇ ತಿಂಗಳದು ಬರೀತೀನಿ ಅನ್ನೋದು ಆಗಲ್ಲ, ಮೊದಲನೇದರಲ್ಲಿ ಮೂರು ಅಥವಾ ಅದಕ್ಕಿಂತ ಜಾಸ್ತಿ ಸಬ್ಜೆಕ್ಟ್ ಗೈರುಹಾಜರಾದ್ರೆ ಎರಡನೇದಕ್ಕೆ ಕೂರಿಸಲ್ಲ.

ಇದನ್ನ ಕೇಳಿ ತುಂಬಾ ಪೇರೆಂಟ್ಸ್‌ಗೆ ಸಮಾಧಾನ ಆಗಿದೆ, ಆಗ್ಲಿ, ಮಕ್ಕಳ ಭಯ ಸ್ವಲ್ಪ ಕಮ್ಮಿ ಆಗೋದು ಒಳ್ಳೇದೇ. ಆದ್ರೆ ಎರಡು ಸಲ ಇರೋದು 80ಕ್ಕೆ ಮಾತ್ರ. ಇಂಟರ್ನಲ್ ಒಂದೇ ಸಲ, ಮೊದಲನೇ ಪರೀಕ್ಷೆಗೆ ಮುಂಚೆ. ಅದೇ ಮಾರ್ಕ್ಸ್ ಎರಡಕ್ಕೂ ಹೋಗುತ್ತೆ.

ನಮ್ಮ ಉದಾಹರಣೆಯ ಹುಡುಗಿನೇ ನೋಡಿ. ಫೆಬ್ರವರಿಯಲ್ಲಿ 80ಕ್ಕೆ 58 ಬಂತು ಅಂದ್ರೆ 58+13, ಒಟ್ಟು 71. ಇಷ್ಟು ಸಾಲದು ಅಂತ ಏಪ್ರಿಲ್ ಬಿಸಿಲಲ್ಲಿ ಕೂತು ಓದಿ ಮೇ ತಿಂಗಳಲ್ಲಿ ಬರೆದು 66 ತೆಗೆದ್ಲು, 66+13, 79. ಎಂಟು ಮಾರ್ಕ್ಸ್ ಮೇಲೆ ಬಂದಿದ್ದು ಅವಳ ಶ್ರಮಕ್ಕೆ, ಆದ್ರೆ 13 ಅಲ್ಲಾಡ್ಲಿಲ್ಲ. ಅದೇ ಇಂಟರ್ನಲ್ 18 ಇದ್ದಿದ್ರೆ ಫೆಬ್ರವರಿಯಲ್ಲೇ 76, ಮೇ ತಿಂಗಳಲ್ಲಿ 84. ಐದು ಸಬ್ಜೆಕ್ಟ್‌ನಲ್ಲೂ ಹೀಗೆ ಐದೈದು ಹೋದ್ರೆ 500ಕ್ಕೆ 25, ಅಂದ್ರೆ ಪರ್ಸೆಂಟೇಜ್‌ನಲ್ಲಿ 5. ಪಿಯು ಅಡ್ಮಿಷನ್ ಲಿಸ್ಟ್ ಮುಂದೆ ನಿಂತವರಿಗೆ ಆ 5 ಏನು ಅಂತ ಗೊತ್ತು.

ಪಾಸ್ ಆಗೋದೇ ಕಷ್ಟ ಅನ್ನೋ ಮಕ್ಕಳಿಗೆ ಇದು ಇನ್ನೂ ಮುಖ್ಯ. ಹತ್ತನೇ ಕ್ಲಾಸ್‌ನಲ್ಲಿ ಥಿಯರಿ, ಇಂಟರ್ನಲ್ ಎರಡೂ ಸೇರಿ ನೂರಕ್ಕೆ 33 ಬಂದ್ರೆ ಆ ಸಬ್ಜೆಕ್ಟ್ ಪಾಸ್, ಬೇರೆ ಬೇರೆ ಪಾಸ್ ಆಗ್ಬೇಕು ಅಂತ ಇಲ್ಲ. ಇಂಟರ್ನಲ್‌ನಲ್ಲಿ 18 ಇರೋ ಮಗುಗೆ ಬೋರ್ಡ್ ಪೇಪರ್‌ನಲ್ಲಿ 15 ಸಾಕು, 10 ಇರೋ ಮಗುಗೆ 23 ಬೇಕು. ಮ್ಯಾಥ್ಸ್ ಅಂದ್ರೆ ಕೈ ನಡುಗೋ ಮಗುಗೆ ಆ ಎಂಟು ಮಾರ್ಕ್ಸ್ ಎಷ್ಟು ದೂರ ಅನ್ನೋದನ್ನ ನಾನು ಹತ್ತಿರದಿಂದ ನೋಡಿದ್ದೀನಿ. ಅಂಥ ಮಗುಗೆ ಫೈಲ್ ಪೂರ್ತಿ ಮಾಡೋದು, ಲ್ಯಾಬ್‌ನಲ್ಲಿ ಕೈ ಹಾಕಿ ಮಾಡೋದು, ಇದೆಲ್ಲ ಅವರ ಕೈಲಿ ಆಗೋ ಕೆಲಸ, ಅಲ್ಲಿ ಧೈರ್ಯ ಬಂದ್ರೆ ಪೇಪರ್‌ಗೂ ಸ್ವಲ್ಪ ಧೈರ್ಯ ಬರುತ್ತೆ.

ಹುಷಾರಿಲ್ಲದೆ ಪಿಟಿ ತಪ್ಪಿದ್ರೆ?

ಒಂದು ತಪ್ಪಿದ್ರೆ ಉಳಿದ ಎರಡು ಲೆಕ್ಕಕ್ಕೆ ಬರುತ್ತೆ, ಗಾಬರಿ ಬೇಡ. ಎರಡು ತಪ್ಪಿದ್ರೆ ತೊಂದರೆ, ಸರಾಸರಿ ತೆಗೆಯೋಕೆ ಎರಡು ಬೇಕಲ್ಲ. ಮಳೆಗಾಲದಲ್ಲಿ ಡೆಂಗ್ಯೂ, ವೈರಲ್ ಫೀವರ್ ಬರುತ್ತೆ, ಅದು ಯಾರ ಕೈಲೂ ಇಲ್ಲ. ಅಂಥಾಗ ಅದೇ ವಾರ ಕ್ಲಾಸ್ ಟೀಚರ್‌ಗೆ ಹೇಳಿ, ಡಾಕ್ಟರ್ ಚೀಟಿ ಕೊಡಿ, ನಾವು ಬೇರೆ ದಿನ ಟೆಸ್ಟ್ ಮಾಡೋ ದಾರಿ ನೋಡ್ತೀವಿ. ಡಿಸೆಂಬರ್‌ನಲ್ಲಿ ಬಂದು "ಆಗಸ್ಟ್‌ನಲ್ಲಿ ಜ್ವರ ಇತ್ತು ಮಿಸ್" ಅಂದ್ರೆ ನಮಗೂ ಮನಸ್ಸಿಗೆ ಬೇಜಾರು, ಮಾಡೋಕೆ ಏನೂ ಉಳಿದಿರಲ್ಲ.

ಇನ್ನೊಂದು, ಸ್ಕೂಲ್‌ಗೇ ಬರದೆ ಬರೀ ಕೋಚಿಂಗ್‌ಗೆ ಹೋದ್ರೆ ಸಾಕು ಅನ್ನೋ ಯೋಚನೆ ಯಾರಿಗಾದ್ರೂ ಇದ್ರೆ ದಯವಿಟ್ಟು ಬಿಡಿ. ಹಾಜರಾತಿ 75 ಪರ್ಸೆಂಟ್ ಬೇಕು. ಸ್ಕೂಲ್ 200 ದಿನ ನಡೆದ್ರೆ 150 ದಿನ ಬಂದಿರಬೇಕು ಅಂತ ಅರ್ಥ. ಮಗು ಬಂದೇ ಇಲ್ಲ ಅಂದ್ರೆ ಇಂಟರ್ನಲ್ ಮಾಡೋಕೆ ನಮ್ಮ ಹತ್ರ ಏನೂ ಇರಲ್ಲ, ಇಂಟರ್ನಲ್ ಆಗ್ಲಿಲ್ಲ ಅಂದ್ರೆ ರಿಸಲ್ಟ್ ಕೊಡಲ್ಲ ಅಂತ 2025ರ ಸೆಪ್ಟೆಂಬರ್‌ನಲ್ಲಿ ಬೋರ್ಡೇ ನೋಟಿಸ್ ಹಾಕಿ ಹೇಳಿದೆ, ಆ ಮಗು ವರ್ಷ ಮತ್ತೆ ಓದಬೇಕಾಗುತ್ತೆ.

ಮನೇಲಿ ನೋಡ್ಬೇಕಾಗಿರೋದು, ಯಾವಾಗ

ಇಂಟರ್ನಲ್ ಮಾರ್ಕ್ಸ್‌ನ ನಾವು ಬೋರ್ಡ್‌ನ ಪೋರ್ಟಲ್‌ಗೆ ಹಾಕೋದು ಜನವರಿಯಿಂದ ಫೆಬ್ರವರಿ ಮಧ್ಯದ ಒಳಗೆ. ಒಂದು ಸಲ ಹಾಕಿ ಸಬ್ಮಿಟ್ ಮಾಡಿದ್ರೆ ಮುಗೀತು, ಆಮೇಲೆ ನಾವೇ ಕೇಳಿದ್ರೂ ತಿದ್ದೋಕೆ ಬಿಡಲ್ಲ. ಹಾಗಾಗಿ ಪ್ರಶ್ನೆ ಕೇಳೋ ಟೈಮ್ ನವೆಂಬರ್, ಮಾರ್ಚ್ ಅಲ್ಲ.

ಇಬ್ರೂ ಕೆಲಸಕ್ಕೆ ಹೋಗೋ ಮನೆ, ಸಿಲ್ಕ್ ಬೋರ್ಡ್ ದಾಟಿ ಬರೋ ಹೊತ್ತಿಗೆ ರಾತ್ರಿ ಎಂಟು, ದಿನಾ ಪುಸ್ತಕ ನೋಡೋಕೆ ಆಗಲ್ಲ ಅಂತ ಗೊತ್ತು. ತಿಂಗಳಿಗೆ ಒಂದು ಭಾನುವಾರ ಹತ್ತು ನಿಮಿಷ ಸಾಕು. ಒಂದೊಂದು ಸಬ್ಜೆಕ್ಟ್‌ನ ನೋಟ್‌ಬುಕ್ ತೆಗೆದು ಟೀಚರ್ ಕೊನೆಯದಾಗಿ ಸೈನ್ ಹಾಕಿದ ತಾರೀಖು ನೋಡಿ. ಒಂದು ತಿಂಗಳಿಗಿಂತ ಹಳೇದಾಗಿದ್ರೆ ಪುಸ್ತಕ ಕೊಟ್ಟಿಲ್ಲ ಅಂತ ಅರ್ಥ. ಆಮೇಲೆ ಫೈಲ್ ಎಲ್ಲಿದೆ ಅಂತ ಕೇಳಿ, ಸ್ಕೂಲ್‌ನಲ್ಲಿದೆ ಅಂದ್ರೆ ನಮಗೊಂದು ಮೆಸೇಜ್ ಹಾಕಿ, ಇದ್ಯೋ ಇಲ್ವೋ ಹೇಳ್ತೀವಿ. ಮಗು ಬರೆದಿದ್ದು ಸರಿ ಇದ್ಯಾ ತಪ್ಪಿದ್ಯಾ ಅಂತ ನೀವು ತಿದ್ದೋದು ಬೇಡ, ಕನ್ನಡ ಮೀಡಿಯಂನಲ್ಲಿ ಓದಿದವ್ರಿಗೂ, ಸ್ಕೂಲ್ ಮೆಟ್ಟಿಲೇ ಹತ್ತದವ್ರಿಗೂ ತಾರೀಖು ನೋಡೋಕೆ ಬರುತ್ತೆ.

ಪೇರೆಂಟ್ಸ್ ಮೀಟಿಂಗ್‌ಗೆ ಬಂದಾಗ "ಹೇಗೆ ಓದ್ತಾ ಇದ್ದಾನೆ ಮಿಸ್" ಅಂತ ಕೇಳಿದ್ರೆ ನಾವು "ಪರವಾಗಿಲ್ಲ" ಅಂತೀವಿ, ಇಬ್ರಿಗೂ ಏನೂ ಗೊತ್ತಾಗಲ್ಲ. ಅದರ ಬದಲು ನಾಲ್ಕು ಐದುಗಳಲ್ಲಿ ಇವತ್ತಿಗೆ ಎಷ್ಟೆಷ್ಟಿದೆ ಅಂತ ಬೇರೆ ಬೇರೆ ಕೇಳಿ. ಯಾವುದರಲ್ಲಿ ಕಮ್ಮಿ ಇದೆ ಅಂತ ಗೊತ್ತಾದ್ರೆ ಅದಕ್ಕೆ ಏನು ಕೊಡ್ಬೇಕು, ಯಾವ ತಾರೀಖಿನ ಒಳಗೆ ಅಂತಾನೂ ಅಲ್ಲೇ ಬರೆಸ್ಕೊಳ್ಳಿ.

ಭಾಷೆ ಸಬ್ಜೆಕ್ಟ್ ಬಗ್ಗೆ ಕನ್ನಡ ಟೀಚರ್ ಒಂದು ಮಾತು ಸೇರಿಸೋಕೆ ಹೇಳಿದ್ರು. ಮನೇಲಿ ಪಟಪಟ ಕನ್ನಡ ಮಾತಾಡೋ ಮಕ್ಕಳೇ ಮಾತಾಡೋ ಟೆಸ್ಟ್‌ನಲ್ಲಿ ಎದ್ದು ನಿಂತು ಒಂದು ನಿಮಿಷ ಮಾತಾಡು ಅಂದ್ರೆ ಮಾತೇ ಬರದೆ ಸುಮ್ನೆ ನಿಂತ್ಬಿಡ್ತಾರಂತೆ. ಊಟ ಮಾಡ್ತಾ ಇರೋವಾಗ ಇವತ್ತು ಸ್ಕೂಲ್‌ನಲ್ಲಿ ನಡೆದಿದ್ದನ್ನ ಶುರುವಿಂದ ಕೊನೇವರೆಗೆ ಮಧ್ಯ ತಡೀದೆ ಹೇಳೋಕೆ ಬಿಡಿ, ಅಷ್ಟೇ ತಯಾರಿ.

ನಿಮ್ಮ ಮಗುವಿನ ಫೈಲ್‌ನಲ್ಲಿ ಇಲ್ಲಿವರೆಗೆ ಏನೇನಿದೆ ಅಂತ ನೋಡ್ಬೇಕು ಅನ್ಸಿದ್ರೆ ಮೊದಲನೇ ಪಿಟಿ ಮುಗಿದ ನಂತರದ ಶನಿವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆವರೆಗೆ ಮ್ಯಾಥ್ಸ್ ಲ್ಯಾಬ್‌ನಲ್ಲಿ ಎಲ್ಲ ಸಬ್ಜೆಕ್ಟ್ ಫೈಲೂ ಟೇಬಲ್ ಮೇಲೆ ಇಟ್ಟಿರ್ತೀವಿ. ಮಗುನ ಕರ್ಕೊಂಡು ಬನ್ನಿ, ಫೈಲ್ ತೆಗೆದು ವಿವರಿಸೋದು ಅವ್ರೇ ಮಾಡ್ಲಿ.